ಬೆಂಗಳೂರಲ್ಲಿ ಆರು ತಿಂಗಳು, ಚೆನ್ನೈಯಲ್ಲಿ ಆರು ತಿಂಗಳು: ಎಚ್‌ಆರ್‌ಎ ಲೆಕ್ಕದಲ್ಲಿ 18,000 ಎಲ್ಲಿ ಹೋಯಿತು?

ಪ್ರಶ್ನೆ: ನಮಸ್ಕಾರ ಸರ್. ನಾನು ಖಾಸಗಿ ಕಂಪನಿ ಉದ್ಯೋಗಿ. ತಿಂಗಳಿಗೆ ಬೇಸಿಕ್ 40,000, ಎಚ್‌ಆರ್‌ಎ 20,000, ಸ್ಪೆಷಲ್ ಅಲೋಯನ್ಸ್ 25,000. 2024ರ ಸೆಪ್ಟೆಂಬರ್ ಕೊನೆವರೆಗೆ ಬೆಂಗಳೂರಲ್ಲಿದ್ದೆ, ಬಾಡಿಗೆ 23,000. ಅಕ್ಟೋಬರ್‌ನಿಂದ ಚೆನ್ನೈಗೆ ವರ್ಗ ಆಯಿತು, ಅಲ್ಲಿ ಬಾಡಿಗೆ 17,500. ಸಂಬಳ ಬದಲಾಗಿಲ್ಲ. 80ಸಿ ಉಳಿತಾಯ ಒಂದೂವರೆ ಲಕ್ಷ ಪೂರ್ತಿ ಇದೆ. ನಾನು ಲೆಕ್ಕ ಹಾಕಿದರೆ 2024-25ಕ್ಕೆ 1,95,000 ವಿನಾಯಿತಿ ಬರುತ್ತದೆ. ಆಫೀಸಿನ ಫಾರಂ 16ರಲ್ಲಿ 1,77,000 ಮಾತ್ರ ಇದೆ. ಯಾವುದು ಸರಿ? ಬೆಂಗಳೂರಿನ ಓನರ್ ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ 23,000 ಹಿಡಿದುಕೊಂಡರು. ಅದನ್ನೂ ಬಾಡಿಗೆಗೆ ಸೇರಿಸಬಹುದಾ?

ಉತ್ತರ:

ಆಫೀಸಿನವರ ಲೆಕ್ಕವೇ ಸರಿ ಇದೆ. 1,95,000 ಎನ್ನುವ ನಿಮ್ಮ ಅಂಕಿ ಎಲ್ಲಿಂದ ಬಂತು ಅಂತ ನಾನು ಎರಡು ದಾರಿಯಲ್ಲಿ ಹಾಕಿ ನೋಡಿದೆ. ಎರಡರಲ್ಲೂ ಅದೇ ಮೊತ್ತ ಬಂತು. ಬೆಂಗಳೂರನ್ನು ಮೆಟ್ರೋ ಅಂತ ಹಿಡಿದು ತಿಂಗಳ ಲೆಕ್ಕ ಮಾಡಿದರೂ 1,95,000. ಇಡೀ ವರ್ಷದ ಮೊತ್ತಗಳನ್ನು ಒಟ್ಟುಗೂಡಿಸಿ ಒಂದೇ ಸಲ ಲೆಕ್ಕ ಮಾಡಿದರೂ 1,95,000. ನೀವು ಯಾವ ದಾರಿಯಲ್ಲಿ ಹೋದಿರೋ ಗೊತ್ತಿಲ್ಲ. ಎರಡೂ ತಪ್ಪು, ಎರಡೂ ತುಂಬಾ ಜನ ಮಾಡುವ ತಪ್ಪು. ಆದ್ದರಿಂದ ಎರಡನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ನಿಯಮ. ಆದಾಯ ತೆರಿಗೆ ಕಾಯ್ದೆಯ 10(13ಎ) ಕಲಂ ಮತ್ತು ಅದರ ಜೊತೆ ಬರುವ 2ಎ ನಿಯಮದಲ್ಲಿ ಮೂರು ಮೊತ್ತಗಳನ್ನು ಪಕ್ಕಪಕ್ಕದಲ್ಲಿ ಇಡಲು ಹೇಳಿದ್ದಾರೆ. ಒಂದು, ಕೈಗೆ ನಿಜವಾಗಿ ಬಂದ ಎಚ್‌ಆರ್‌ಎ. ಎರಡು, ಕೊಟ್ಟ ಬಾಡಿಗೆಯಲ್ಲಿ ಸಂಬಳದ ಹತ್ತನೇ ಒಂದು ಭಾಗ ಕಳೆದು ಉಳಿದದ್ದು. ಮೂರು, ಸಂಬಳದ ಶೇ. 50 ಅಥವಾ ಶೇ. 40, ಊರಿನ ಮೇಲೆ. ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ತೆರಿಗೆ ಇಲ್ಲ. ಎಚ್‌ಆರ್‌ಎಯಲ್ಲಿ ಮಿಕ್ಕಿದ್ದು ಸಂಬಳಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ.

ಇಲ್ಲಿ 'ಸಂಬಳ' ಅಂದರೆ ಕೈಗೆ ಬರುವ ಒಟ್ಟು ದುಡ್ಡಲ್ಲ. ಬೇಸಿಕ್ ಇರುತ್ತದೆ. ನಿವೃತ್ತಿ ಸೌಲಭ್ಯಕ್ಕೆ ಲೆಕ್ಕಕ್ಕೆ ಬರುವ ತುಟ್ಟಿಭತ್ಯೆ ಇದ್ದರೆ ಅದೂ ಸೇರುತ್ತದೆ. ವ್ಯಾಪಾರದ ಮೇಲೆ ಇಂತಿಷ್ಟು ಪರ್ಸೆಂಟ್ ಅಂತ ಕಮಿಷನ್ ಬರುವವರಿಗೆ ಅದೂ ಸೇರುತ್ತದೆ. ನಿಮ್ಮ ಸ್ಪೆಷಲ್ ಅಲೋಯನ್ಸ್ 25,000 ಇದರಲ್ಲಿ ಬರುವುದಿಲ್ಲ. ಕೆಲವರು ಅದನ್ನೂ ಸೇರಿಸಿ, ಶೇ. 50 ದೊಡ್ಡದಾಯಿತಲ್ಲ ಅಂತ ಖುಷಿಪಡುತ್ತಾರೆ. ಆದರೆ ಹತ್ತನೇ ಭಾಗ ಕಳೆಯುವಾಗಲೂ ಅದೇ ದೊಡ್ಡ ಮೊತ್ತದ ಮೇಲೆ ಕಳೆಯಬೇಕಾಗುತ್ತದೆ. ನಿಮ್ಮ ಚೆನ್ನೈ ತಿಂಗಳಲ್ಲಿ ಹಾಗೆ ಮಾಡಿದ್ದರೆ 4,000 ಕಳೆಯುವ ಕಡೆ 6,500 ಕಳೆದು, ನಿಮ್ಮ ಕೈಯಾರೆ ನೀವೇ 2,500 ಕಳೆದುಕೊಳ್ಳುತ್ತಿದ್ದಿರಿ. ಅದೊಂದನ್ನು ನೀವು ಸರಿಯಾಗಿ ಮಾಡಿದ್ದೀರಿ, ಇಲ್ಲದಿದ್ದರೆ 1,95,000 ಬರುತ್ತಲೇ ಇರಲಿಲ್ಲ.

ಈಗ ಊರಿನ ವಿಷಯಕ್ಕೆ ಬರೋಣ. ನಿಮ್ಮ 2024-25ರ ಸಾಲಿಗೂ, ಅದರ ಮುಂದಿನ 2025-26ಕ್ಕೂ, ಶೇ. 50 ಸಿಗುವುದು ಮೆಟ್ರೋ ಅಂತ ಕರೆಯುವ ನಾಲ್ಕೇ ನಗರಗಳಿಗೆ: ಮುಂಬೈ, ಕೋಲ್ಕತ್ತ, ದೆಹಲಿ, ಚೆನ್ನೈ. ಬೆಂಗಳೂರು ಆ ಪಟ್ಟಿಯಲ್ಲಿ ಇಲ್ಲ. ಹೈದರಾಬಾದ್, ಪುಣೆ ಕೂಡ ಇಲ್ಲ. ಬೆಂಗಳೂರಿನ ಬಾಡಿಗೆ ನೋಡಿದವರಿಗೆ ಇದು ಅನ್ಯಾಯ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ರಿಟರ್ನ್‌ನಲ್ಲಿ ನಡೆಯುವುದು ನಿಯಮದಲ್ಲಿ ಬರೆದದ್ದು ಮಾತ್ರ.

ಈ ಗೊಂದಲಕ್ಕೆ ಒಂದು ಕಾರಣವೂ ಇದೆ. ಕೇಂದ್ರ ಸರ್ಕಾರಿ ನೌಕರರಿಗೆ ಎಚ್‌ಆರ್‌ಎ ಎಷ್ಟು ಕೊಡಬೇಕು ಅಂತ ತೀರ್ಮಾನಿಸಲು ಊರುಗಳನ್ನು ಎಕ್ಸ್, ವೈ, ಜಡ್ ಅಂತ ಮೂರು ವರ್ಗ ಮಾಡಿದ್ದಾರೆ. ಅದರಲ್ಲಿ ಬೆಂಗಳೂರು ಎಕ್ಸ್ ವರ್ಗ, ಅಂದರೆ ಚೆನ್ನೈ, ಮುಂಬೈಗಳ ಸಾಲಿನಲ್ಲೇ ಇದೆ. ಮೈಸೂರು, ಹುಬ್ಬಳ್ಳಿ-ಧಾರವಾಡ ವೈ ವರ್ಗ. ಮನೆಯಲ್ಲಿ ಅಣ್ಣನೋ ಅಪ್ಪನೋ ಕೇಂದ್ರ ಸರ್ಕಾರಿ ಕೆಲಸದಲ್ಲಿದ್ದರೆ 'ಬೆಂಗಳೂರು ಎ ಒನ್ ಸಿಟಿ ಕಣಮ್ಮಾ' ಅನ್ನುವ ಮಾತು ಕಿವಿಗೆ ಬಿದ್ದೇ ಇರುತ್ತದೆ. ಎಕ್ಸ್ ವರ್ಗವನ್ನು ಮೊದಲು ಎ ಒನ್ ಅಂತಲೇ ಕರೆಯುತ್ತಿದ್ದರು, ಹಾಗಾಗಿ ಆ ಮಾತು ಸುಳ್ಳಲ್ಲ. ಆದರೆ ಅದು ಎಚ್‌ಆರ್‌ಎ ಎಷ್ಟು ಕೈಗೆ ಬರುತ್ತದೆ ಅನ್ನುವುದಕ್ಕೆ ಮಾತ್ರ. ಬಂದದ್ದರಲ್ಲಿ ಎಷ್ಟಕ್ಕೆ ತೆರಿಗೆ ಇಲ್ಲ ಅನ್ನುವುದು ಬೇರೆ ಪಟ್ಟಿ, ಬೇರೆ ಲೆಕ್ಕ.

ಇನ್ನೊಂದು ಮಾತು. ನೋಡಬೇಕಾದ್ದು ಆಫೀಸ್ ಇರುವ ಊರನ್ನಲ್ಲ, ನೀವು ವಾಸವಿರುವ ಮನೆ ಎಲ್ಲಿದೆ ಅನ್ನುವುದನ್ನು. ನಿಯಮದಲ್ಲಿ ಮನೆ ಎಲ್ಲಿದೆಯೋ ಆ ಊರು ಅಂತಲೇ ಇದೆ. ದೆಹಲಿಯಲ್ಲಿ ಆಫೀಸ್, ನೋಯ್ಡಾದಲ್ಲಿ ಬಾಡಿಗೆ ಮನೆ ಅಂದರೆ ಶೇ. 40. ನಿಮ್ಮ ವಿಷಯದಲ್ಲಿ ಮನೆ, ಆಫೀಸು ಎರಡೂ ಒಟ್ಟಿಗೇ ಊರು ಬದಲಾಯಿಸಿದವು, ಹಾಗಾಗಿ ತೊಡಕಿಲ್ಲ. ಆದರೆ ವರ್ಗದ ಆದೇಶದಲ್ಲಿ ಚೆನ್ನೈ ಅಂತ ಬಂದ ಮೇಲೂ ಎರಡು ತಿಂಗಳು ಬೆಂಗಳೂರಿನ ಮನೆಯಲ್ಲೇ ಕೂತು ಕೆಲಸ ಮಾಡಿದ್ದರೆ, ಆ ಎರಡು ತಿಂಗಳಿಗೆ ಶೇ. 40ರ ಲೆಕ್ಕವೇ ಆಗುತ್ತಿತ್ತು.

ಈಗ ನಿಮ್ಮ ಅಂಕಿಗಳನ್ನೇ ಇಟ್ಟು ನೋಡೋಣ. ಬೆಂಗಳೂರಿನ ಒಂದು ತಿಂಗಳು:

```
ಬಂದ ಎಚ್‌ಆರ್‌ಎ                      20,000
ಬಾಡಿಗೆ - ಬೇಸಿಕ್‌ನ 10%   23,000 - 4,000 = 19,000
ಬೇಸಿಕ್‌ನ 40%                       16,000  <- ಕಡಿಮೆ
```

ಚೆನ್ನೈಯ ಒಂದು ತಿಂಗಳು:

```
ಬಂದ ಎಚ್‌ಆರ್‌ಎ                      20,000
ಬಾಡಿಗೆ - ಬೇಸಿಕ್‌ನ 10%   17,500 - 4,000 = 13,500  <- ಕಡಿಮೆ
ಬೇಸಿಕ್‌ನ 50%                       20,000
```

ಬೆಂಗಳೂರಿಗೆ 16,000ದ ಆರು ಪಟ್ಟು 96,000. ಚೆನ್ನೈಗೆ 13,500ರ ಆರು ಪಟ್ಟು 81,000. ಕೂಡಿದರೆ 1,77,000. ಫಾರಂ 16ರಲ್ಲಿ ಇರುವುದು ಇದೇ. ವರ್ಷಕ್ಕೆ ನಿಮಗೆ ಬಂದ ಎಚ್‌ಆರ್‌ಎ 2,40,000. ಅದರಲ್ಲಿ ಉಳಿದ 63,000 ತೆರಿಗೆಗೆ ಸೇರುತ್ತದೆ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಎರಡು ಊರಿನಲ್ಲಿ ಎರಡು ಬೇರೆ ಬೇರೆ ಸಾಲುಗಳು ನಿಮ್ಮನ್ನು ತಡೆದಿವೆ. ಬೆಂಗಳೂರಲ್ಲಿ ತಡೆದದ್ದು ಊರಿನ ಶೇ. 40. ಚೆನ್ನೈಯಲ್ಲಿ ತಡೆದದ್ದು ಬಾಡಿಗೆಯ ಸಾಲು. ಚೆನ್ನೈಗೆ ಶೇ. 50 ಇದ್ದರೂ ನಿಮಗೆ ಅದರಿಂದ ಒಂದು ರೂಪಾಯಿ ಉಪಯೋಗವಾಗಿಲ್ಲ. ಅಲ್ಲಿ ಶೇ. 40 ಇದ್ದಿದ್ದರೂ 16,000 ಆಗುತ್ತಿತ್ತು, 13,500ಕ್ಕಿಂತ ಅದೂ ಜಾಸ್ತಿಯೇ. ಮೆಟ್ರೋ ಅನ್ನುವ ಮಾತು ನಿಮಗೆ ಬೇಕಾಗಿದ್ದದ್ದು ಬೆಂಗಳೂರಲ್ಲಿ, ಅಲ್ಲಿ ಅದು ಇರಲಿಲ್ಲ.

ಯಾವ ಸಾಲು ತಡೆಯುತ್ತದೆ ಅಂತ ಮೊದಲೇ ತಿಳಿಯಲು ಒಂದು ಸುಲಭ ದಾರಿ ಇದೆ. ಬೇಸಿಕ್‌ನ ಅರ್ಧದಷ್ಟು ಎಚ್‌ಆರ್‌ಎ ಬರುವವರಿಗೆ ಇದು ಹೊಂದುತ್ತದೆ. ನಾಲ್ಕು ನಗರ ಬಿಟ್ಟು ಬೇರೆ ಊರಲ್ಲಿದ್ದರೆ ಬಾಡಿಗೆಯನ್ನು ಬೇಸಿಕ್‌ನ ಅರ್ಧದ ಜೊತೆ ಹೋಲಿಸಿ. ಬಾಡಿಗೆ ಅರ್ಧ ದಾಟಿದ ಮೇಲೆ ಕೊಡುವ ಪ್ರತಿ ರೂಪಾಯಿಗೂ ವಿನಾಯಿತಿ ನಿಂತುಹೋಗುತ್ತದೆ. ಯಾಕೆಂದರೆ ಅರ್ಧದಲ್ಲಿ ಹತ್ತನೇ ಭಾಗ ಕಳೆದರೆ ಶೇ. 40, ಅಲ್ಲಿಗೆ ಊರಿನ ಮಿತಿ ಮುಟ್ಟಿತು. ನಿಮಗೆ ಆ ಗೆರೆ 20,000. ಅದರ ಮೇಲೆ ಕೊಟ್ಟ 3,000ಕ್ಕೆ ಏನೂ ಸಿಕ್ಕಿಲ್ಲ. ಚೆನ್ನೈಯಲ್ಲಿ ಈ ಗೆರೆ ಬೇಸಿಕ್‌ನ ಶೇ. 60, ಅಂದರೆ 24,000. ನೀವು ಕೊಡುವುದು 17,500, ಗೆರೆ ದೂರ ಇದೆ.

ಆ 3,000ವೇ ನಿಮ್ಮ 18,000ದ ಮೂಲ. ತಿಂಗಳಿಗೆ 3,000, ಆರು ತಿಂಗಳಿಗೆ 18,000. ಬೆಂಗಳೂರಿಗೆ ಶೇ. 50 ಹಾಕಿದರೆ ಆ ಸಾಲು 20,000 ಆಗುತ್ತದೆ, ಆಗ ಕಡಿಮೆ ಇರುವುದು 19,000. 16,000 ಇರಬೇಕಾದ ಕಡೆ 19,000 ಬಂದು ಕೂರುತ್ತದೆ.

ಎರಡನೇ ದಾರಿ ಇದಕ್ಕಿಂತ ಮೋಸದ್ದು, ಯಾಕೆಂದರೆ ಅದರಲ್ಲಿ ಊರುಗಳ ಶೇಕಡಾ ಸರಿಯಾಗೇ ಹಾಕಿದರೂ ಉತ್ತರ ತಪ್ಪಾಗುತ್ತದೆ. ವರ್ಷದ ಬಾಡಿಗೆ ಒಟ್ಟು 2,43,000. ವರ್ಷದ ಬೇಸಿಕ್ 4,80,000, ಅದರ ಹತ್ತನೇ ಭಾಗ 48,000. ಕಳೆದರೆ 1,95,000. ಊರಿನ ಸಾಲಿಗೆ ಬೆಂಗಳೂರಿನ 96,000, ಚೆನ್ನೈಯ 1,20,000 ಸೇರಿ 2,16,000. ಬಂದ ಎಚ್‌ಆರ್‌ಎ 2,40,000. ಮೂರರಲ್ಲಿ ಕಡಿಮೆ 1,95,000. ನೋಡಲು ತುಂಬಾ ನೀಟಾಗಿದೆ, ಅಲ್ವಾ? ಎಕ್ಸೆಲ್‌ನಲ್ಲಿ ವರ್ಷದ ಮೊತ್ತ ಹಾಕಿ ಮಾಡುವವರೆಲ್ಲ ಇಲ್ಲೇ ಬೀಳುತ್ತಾರೆ.

ಇಲ್ಲಿ ಆಗಿರುವುದು ಇಷ್ಟು. ಬೆಂಗಳೂರಿನ ಬಾಡಿಗೆಯಲ್ಲಿ ಲೆಕ್ಕಕ್ಕೆ ಬಾರದ 3,000 ಇತ್ತಲ್ಲ, ಅದು ಮೆಲ್ಲಗೆ ಚೆನ್ನೈ ತಿಂಗಳುಗಳ ಕಡೆ ಹರಿದುಹೋಗಿದೆ. ಚೆನ್ನೈಯಲ್ಲಿ ಊರಿನ ಮಿತಿಗೂ ಬಾಡಿಗೆಗೂ ನಡುವೆ ಖಾಲಿ ಜಾಗ ಇತ್ತು, ಅದನ್ನು ಬೆಂಗಳೂರಿನ ಬಾಡಿಗೆ ತುಂಬಿದೆ. ನಿಯಮ ಇದನ್ನು ಒಪ್ಪುವುದಿಲ್ಲ. ಯಾವ ಅವಧಿಯಲ್ಲಿ ಆ ಮನೆಯಲ್ಲಿ ವಾಸವಿದ್ದಿರೋ ಆ ಅವಧಿಗೆ ಸಂಬಂಧಪಟ್ಟ ಎಚ್‌ಆರ್‌ಎ, ಆ ಅವಧಿಯ ಸಂಬಳ, ಆ ಅವಧಿಯ ಬಾಡಿಗೆ, ಇವನ್ನಷ್ಟೇ ಒಂದರ ಪಕ್ಕ ಒಂದು ಇಡಬೇಕು. ಬೇಸಿಕ್, ಎಚ್‌ಆರ್‌ಎ, ಬಾಡಿಗೆ, ಊರು, ಈ ನಾಲ್ಕರಲ್ಲಿ ಯಾವುದು ಬದಲಾದರೂ ಅಲ್ಲಿಗೆ ಗೆರೆ ಎಳೆದು ಹೊಸ ಲೆಕ್ಕ ಶುರು ಮಾಡಿ. ನಾಲ್ಕೂ ಇಡೀ ವರ್ಷ ಒಂದೇ ಇದ್ದವರಿಗೆ ಮಾತ್ರ ವರ್ಷದ ಲೆಕ್ಕ, ತಿಂಗಳ ಲೆಕ್ಕ ಎರಡೂ ಒಂದೇ ಉತ್ತರ ಕೊಡುತ್ತವೆ ಅಂತ ನಂಬಬಹುದು.

ಒಂದು ಸಣ್ಣ ಪರೀಕ್ಷೆ ನೆನಪಿಡಿ. ನಿಮ್ಮ ಹಾಗೆ ಪ್ರತಿ ತಿಂಗಳೂ ಸಂಬಳದ ಹತ್ತನೇ ಭಾಗಕ್ಕಿಂತ ಜಾಸ್ತಿ ಬಾಡಿಗೆ ಕೊಟ್ಟವರಿಗೆ, ವರ್ಷದ ಮೊತ್ತದಲ್ಲಿ ಮಾಡಿದ ಲೆಕ್ಕ ತಿಂಗಳವಾರು ಲೆಕ್ಕಕ್ಕಿಂತ ಯಾವತ್ತೂ ಕಡಿಮೆ ಬರುವುದಿಲ್ಲ. ಒಂದೇ ಇರುತ್ತದೆ, ಇಲ್ಲವೇ ಜಾಸ್ತಿ ಇರುತ್ತದೆ. ಹಾಗಾಗಿ ನಿಮ್ಮ ಅಂಕಿ ಆಫೀಸಿನದ್ದಕ್ಕಿಂತ ಜಾಸ್ತಿ ಬಂದಾಗ ಮೊದಲು ಇದನ್ನೇ ಅನುಮಾನಿಸಬೇಕು. ನಿಮ್ಮದು ಕಡಿಮೆ ಬಂದು ಆಫೀಸಿನದ್ದು ಜಾಸ್ತಿ ಇದ್ದರೆ, ಆಗ ಆಫೀಸಿನವರನ್ನು ಕೇಳಿ. ಅವರು ಹಳೆ ಬಾಡಿಗೆಯನ್ನೇ ಇಡೀ ವರ್ಷಕ್ಕೆ ಹಿಡಿದಿರಬಹುದು.

ಇನ್ನು ಪೇಂಟಿಂಗ್‌ಗೆ ಹಿಡಿದುಕೊಂಡ 23,000. ಅದು ಬಾಡಿಗೆ ಅಲ್ಲ. ಮನೆ ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯಷ್ಟನ್ನು ಹಿಡಿದುಕೊಳ್ಳುವುದು ಬೆಂಗಳೂರಲ್ಲಿ ರೂಢಿ, ಅಗ್ರಿಮೆಂಟ್‌ನಲ್ಲೂ ಬರೆದಿರುತ್ತಾರೆ. ಮೊತ್ತ ಬಾಡಿಗೆಗೆ ಸಮ ಇರುವುದರಿಂದ ಬಾಡಿಗೆಯೇ ಅನ್ನಿಸಿಬಿಡುತ್ತದೆ. ಆದರೆ ಅದು ನೀವು ವಾಸವಿದ್ದ ಯಾವ ತಿಂಗಳಿಗೂ ಕೊಟ್ಟದ್ದಲ್ಲ, ಗೋಡೆಗೆ ಬಣ್ಣ ಹೊಡೆಸಲು ಕೊಟ್ಟದ್ದು. ಅಡ್ವಾನ್ಸ್ ಕೂಡ ಬಾಡಿಗೆ ಅಲ್ಲ, ಅದು ವಾಪಸ್ ಬರುವ ಹಣ. ಅಸೋಸಿಯೇಷನ್‌ಗೆ ಬೇರೆಯಾಗಿ ಕಟ್ಟುವ ಮೇಂಟೆನೆನ್ಸ್, ಕರೆಂಟ್ ಬಿಲ್, ನೀರಿನ ಬಿಲ್ ಕೂಡ ಸೇರುವುದಿಲ್ಲ.

ಆದರೆ ಇದೇ ಅಡ್ವಾನ್ಸ್‌ನಲ್ಲಿ ಇನ್ನೊಂದು ಸಂದರ್ಭ ಬರುತ್ತದೆ. 'ಕೊನೆ ತಿಂಗಳು ಬಾಡಿಗೆ ಹಾಕಬೇಡಿ, ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತೇನೆ' ಅಂತ ಓನರ್ ಹೇಳಿ, ನೀವು ಸೆಪ್ಟೆಂಬರ್ ಪೂರ್ತಿ ಅಲ್ಲೇ ಇದ್ದಿದ್ದರೆ, ಆ 23,000 ಸೆಪ್ಟೆಂಬರ್‌ನ ಬಾಡಿಗೆಯೇ. ಆಗ ಬ್ಯಾಂಕ್‌ನಿಂದ ಹೋದ ದಾಖಲೆ ಇರುವುದಿಲ್ಲ. ಹಾಗಾಗಿ ಅಡ್ವಾನ್ಸ್ ವಾಪಸ್ ಕೊಡುವಾಗ ಎಷ್ಟು ಬಾಡಿಗೆಗೆ, ಎಷ್ಟು ಪೇಂಟಿಂಗ್‌ಗೆ ಅಂತ ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ವಾಟ್ಸಾಪ್‌ನಲ್ಲಿ ಬರೆದುಕೊಟ್ಟರೂ ಏನೂ ಇಲ್ಲದ್ದಕ್ಕಿಂತ ವಾಸಿ.

ನಿಮ್ಮ ವಿಷಯದಲ್ಲಿ ಇನ್ನೊಂದನ್ನು ಗಮನಿಸಿ. ಪೇಂಟಿಂಗ್ ಹಣ ಬಾಡಿಗೆ ಅಂತಲೇ ಒಪ್ಪಿದ್ದರೂ ನಿಮಗೆ ಲಾಭ ಆಗುತ್ತಿರಲಿಲ್ಲ. ಬೆಂಗಳೂರಲ್ಲಿ ನಿಮ್ಮನ್ನು ತಡೆದದ್ದು ಶೇ. 40ರ ಸಾಲು, ಬಾಡಿಗೆ ಎಷ್ಟೇ ಏರಿದರೂ ಅದು 16,000ದಲ್ಲೇ ನಿಲ್ಲುತ್ತದೆ.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವರ್ಷದ ಒಟ್ಟು ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್‌ನ ಪ್ಯಾನ್ ಕೊಡಬೇಕು. ಆಫೀಸಿಗೆ ಕೊಡುವ 12ಬಿಬಿ ಫಾರಂನಲ್ಲಿ ಅದಕ್ಕೆ ಜಾಗ ಇದೆ. ನಿಮ್ಮದು 2,43,000, ಹಾಗಾಗಿ ಬೆಂಗಳೂರು, ಚೆನ್ನೈ ಇಬ್ಬರು ಓನರ್‌ಗಳ ಪ್ಯಾನ್ ಕೂಡ ಬೇಕು. ಮನೆ ಬಿಟ್ಟ ಮೇಲೆ ಹಳೆ ಓನರ್ ಫೋನ್ ಎತ್ತುವುದು ಕಷ್ಟ. ಕೀ ಕೊಡುವ ದಿನವೇ ಅವರ ಪ್ಯಾನ್, ಆರು ತಿಂಗಳ ರಸೀದಿ ಎರಡನ್ನೂ ಇಸಿದುಕೊಂಡವರಿಗೆ ಮಾರ್ಚ್‌ನಲ್ಲಿ ಪರದಾಟ ಇರುವುದಿಲ್ಲ.

ರಿಟರ್ನ್‌ನಲ್ಲಿ 10(13ಎ) ಸಾಲಿಗೆ 1,77,000 ಅಂತಲೇ ಹಾಕಿ. 18,000 ಜಾಸ್ತಿ ಹಾಕಿದರೆ ನಿಮಗೆ ಉಳಿಯುವುದು ಶೇ. 20ರಂತೆ 3,600, ಸೆಸ್ ಸೇರಿ 3,744. ಅದು ನಿಮ್ಮದಲ್ಲದ ಹಣ. ಮುಂದೆ ಲೆಕ್ಕ ಕೇಳಿದರೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಎಚ್‌ಆರ್‌ಎ ವಿನಾಯಿತಿ ಸಿಗುವುದು ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇಲ್ಲ. ಈಗ ಏನೂ ಹೇಳದಿದ್ದರೆ ಹೊಸ ಪದ್ಧತಿ ತಾನಾಗೇ ಅನ್ವಯವಾಗುತ್ತದೆ, ಹಳೆಯದು ಬೇಕು ಅಂದವರು ಗಡುವಿನೊಳಗೆ ರಿಟರ್ನ್ ಹಾಕಿ ಅದರಲ್ಲಿ ಆರಿಸಿಕೊಳ್ಳಬೇಕು. ಹಾಗಾಗಿ 2024-25ಕ್ಕೆ ಎರಡನ್ನೂ ಹಾಕಿ ನೋಡಿದೆ. ಬೇರೆ ಆದಾಯ ಇಲ್ಲ ಅಂತ ಹಿಡಿದಿದ್ದೇನೆ. ನಿಮ್ಮ ವರ್ಷದ ಸಂಬಳ 10,20,000. ಹಳೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಎಚ್‌ಆರ್‌ಎ 1,77,000, 80ಸಿ 1,50,000 ಕಳೆದರೆ 6,43,000 ಉಳಿಯುತ್ತದೆ, ತೆರಿಗೆ ಸೆಸ್ ಸೇರಿ 42,744. ಹೊಸ ಪದ್ಧತಿಯಲ್ಲಿ 75,000 ಮಾತ್ರ ಕಳೆದು 9,45,000ಕ್ಕೆ ತೆರಿಗೆ 46,280. ಹಳೆಯದರಲ್ಲಿ ನಿಮಗೆ 3,536 ಕಡಿಮೆ. ಅಂತರ ಸಣ್ಣದೇ, ಆದರೂ ಈ ಸಾಲಿಗೆ ಹಳೆಯದೇ ಸರಿ.

2025-26ಕ್ಕೆ ಚಿತ್ರ ಪೂರ್ತಿ ಬೇರೆ. ಆ ಸಾಲಿನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ ಆಗುತ್ತದೆ. ಸಂಬಳದಾರರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿದರೆ 12,75,000ದವರೆಗೆ. ನಿಮ್ಮ ಸಂಬಳ ಇದೇ 10,20,000 ಇದ್ದರೆ ಹೊಸ ಪದ್ಧತಿಯಲ್ಲಿ ಒಂದು ರೂಪಾಯಿ ತೆರಿಗೆ ಇಲ್ಲ. ಹಳೆಯದರಲ್ಲಿ ಚೆನ್ನೈಯ ಇಡೀ ವರ್ಷಕ್ಕೆ ನಿಮಗೆ ಸಿಗುವ ಎಚ್‌ಆರ್‌ಎ ವಿನಾಯಿತಿ 1,62,000, ತೆರಿಗೆ ಮತ್ತೆ 40,000 ದಾಟುತ್ತದೆ. ಆಫೀಸಿನವರು ಕಳೆದ ವರ್ಷದ ನಿಮ್ಮ ಆಯ್ಕೆಯನ್ನೇ ಮುಂದುವರಿಸಿ ತಿಂಗಳು ತಿಂಗಳು ಟಿಡಿಎಸ್ ಹಿಡಿಯುತ್ತಿದ್ದಾರೋ ಅಂತ ಸ್ಯಾಲರಿ ಸ್ಲಿಪ್ ನೋಡಿ. ಹಿಡಿಯುತ್ತಿದ್ದರೆ ಪದ್ಧತಿ ಬದಲಿಸಲು ಅವರಿಗೆ ಬರೆದುಕೊಡಿ. ಅವರು ಈಗ ಆಗುವುದಿಲ್ಲ ಅಂದರೂ ಗಾಬರಿ ಬೇಡ. ಆ ಸಾಲಿನ ರಿಟರ್ನ್ ಹಾಕುವಾಗ ಹೊಸ ಪದ್ಧತಿಯಲ್ಲೇ ಹಾಕಿದರೆ ಹಿಡಿದ ಹಣ ರೀಫಂಡ್ ಆಗಿ ನಿಮ್ಮ ಖಾತೆಗೆ ಬರುತ್ತದೆ.